ಆಫೀಸು ಬಿಟ್ಟ ಮೇಲೆ ಹಾಕುವ ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಲ್ವಾ. ಅಂದ ಮೇಲೆ ಈಗ 3 ಗಂಟೆಗೆ ಹಾಕುವ ಮೆಸೇಜೂ ಹೊತ್ತು ಮೀರಿದ ಮೆಸೇಜೇ.

ಮೊನ್ನೆ ರಾತ್ರಿ 10.20ಕ್ಕೆ ನಾನೇ "ಯಾದಿ ಕಳಿಸಿ, ಅರ್ಜೆಂಟ್" ಎಂದು ಹಾಕಿದ್ದೆ. ಅದು ಬೇಕಾಗಿದ್ದು ಗುರುವಾರಕ್ಕೆ. ಒಬ್ಬ ಅಕ್ಕೋರು ಮಗು ಮಲಗಿಸುವುದು ಬಿಟ್ಟು ರಿಜಿಸ್ಟರ್ ತೆಗೆದು ಕೂತರಂತೆ. ತಪ್ಪು ನನ್ನದು, ಕ್ಷಮಿಸಿ. ನಾನು ಹೀಗೆ ಬರೆಯಬೇಕಿತ್ತು: "ಗುರುವಾರ 11 ಗಂಟೆಯೊಳಗೆ ಯಾದಿ ಸಾಕು. ಮರೀಬಾರದು ಅಂತ ಈಗ ಹಾಕಿದ್ದೇನೆ, ನಾಳೆ ಡ್ಯೂಟಿಗೆ ಬಂದ ಮೇಲೆ ನೋಡಿ."

ಯಾವಾಗ ಬೇಕು ಅನ್ನೋದು ಮೊದಲ ಸಾಲಲ್ಲೇ ಇರಲಿ. ನೋಟಿಫಿಕೇಶನ್‌ನಲ್ಲಿ ಮೊದಲು ಕಾಣುವುದು ಅದೇ, ಮೆಸೇಜ್ ತೆರೆಯದೆಯೇ ಗೊತ್ತಾಗುತ್ತದೆ. ಸುಮ್ನೆ "ಬಿಡುವಾದಾಗ ನೋಡಿ" ಅಂದರೆ ಸಾಲದು. ಮೇಲಿನವರು ಬರೆದರೆ ಅದೂ "ಈಗಲೇ" ಅಂತಲೇ ಕೇಳಿಸುತ್ತದೆ. ನೀಲಿ ಟಿಕ್ ಕಂಡ ಮೇಲೆ ಬರೀ "?" ಹಾಕುವುದು, ಹೆಸರು ಹಿಡಿದು ಟ್ಯಾಗ್ ಮಾಡುವುದು ದಯವಿಟ್ಟು ಬೇಡ. ನಿಜವಾಗಲೂ ತಡೆಯಲಾಗದ ಕೆಲಸವಿದ್ದರೆ ನೇರ ಫೋನ್ ಮಾಡಿ. ಮೆಸೇಜಿಗೆ ಮರುದಿನ ಉತ್ತರ ಕೊಟ್ಟರೆ ಯಾಕೆ ತಡ ಅಂತ ಯಾರೂ ಕೇಳುವುದಿಲ್ಲ.