ಮಗಳಿಗೊಂದು ಪತ್ರ: ಆ ಎಂಟು ವರ್ಷಗಳನ್ನು ಮುಚ್ಚಿಡಬೇಡ

ಮೈಸೂರು

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಕೆಲಸ ಬಿಟ್ಟು ಮತ್ತೆ ಮರಳುವವರನ್ನು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಳ್ಳುವ ರಿಟರ್ನ್‌ಶಿಪ್‌ಗೆಂದು ನೀನು ಬರೆದು ಕಳುಹಿಸಿದ ಅರ್ಜಿಯನ್ನು ಮುದ್ರಿಸಿಕೊಂಡು ನಿನ್ನೆ ರಾತ್ರಿ ಎರಡು ಸಲ ಓದಿದೆ. ಫೋನಿನಲ್ಲಿ ಹೇಳಲು ಹೊರಟರೆ ಮಕ್ಕಳು ಬರುತ್ತಾರೆ, ಕುಕ್ಕರ್ ಕೂಗುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ನೇಮಕಾತಿ ವಿಭಾಗದಲ್ಲಿ ಕುಳಿತು ಇಂಥ ಅರ್ಜಿಗಳನ್ನು ಓದಿದವಳು ನಾನು. ನಿನ್ನದನ್ನೂ ಹಾಗೆಯೇ ಓದಿದ್ದೇನೆ, ಬೇಸರಪಟ್ಟುಕೊಳ್ಳಬೇಡ.

ಮೊದಲು ಹೊಡೆದುಹಾಕಬೇಕಾದ ಸಾಲು: ‘2017ರಿಂದ 2024, ಸ್ವತಂತ್ರ ಸಲಹೆಗಾರ್ತಿ’. ಇದು ನಿನ್ನ ಭಾವ ಕೊಟ್ಟ ಸಲಹೆ ಎಂದು ಗೊತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅವರು ಮಾಮೂಲು ನೇಮಕಾತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಅಲ್ಲಿ ನಡುವೆ ಬಿಟ್ಟ ವರ್ಷಗಳನ್ನು ಕಂಡರೆ ಹುಬ್ಬೇರಿಸುತ್ತಾರೆ ನಿಜ. ರಿಟರ್ನ್‌ಶಿಪ್ ಹುಟ್ಟಿದ್ದೇ ಅಂಥವರಿಗಾಗಿ. 2008ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಈ ಹೆಸರನ್ನು ಬಳಕೆಗೆ ತಂದಿತು. ಅದೇ ವರ್ಷ ನಮ್ಮ ದೇಶದಲ್ಲಿ ಟಾಟಾ ಸಮೂಹವೂ ಕೆಲಸ ಬಿಟ್ಟ ಮಹಿಳೆಯರಿಗೆಂದು ಎರಡನೆಯ ವೃತ್ತಿಯ ಇಂಟರ್ನ್‌ಶಿಪ್ ಶುರುಮಾಡಿತು. ನೀನು ಕಳುಹಿಸಿದ ಪ್ರಕಟಣೆಯನ್ನೇ ಮತ್ತೊಮ್ಮೆ ನೋಡು: ಹಿಂದೆ ಕನಿಷ್ಠ ನಾಲ್ಕು ವರ್ಷ ಕೆಲಸ ಮಾಡಿರಬೇಕು, ಈಗ ಕನಿಷ್ಠ ಎರಡು ವರ್ಷ ಬಿಡುವಿನಲ್ಲಿರಬೇಕು. 2024ರವರೆಗೆ ಸಲಹೆಗಾರ್ತಿ ಎಂದು ಬರೆದರೆ ನಿನ್ನ ಬಿಡುವು ಒಂದೇ ವರ್ಷದ್ದಾಗುತ್ತದೆ. ಅರ್ಜಿಗಳನ್ನು ಸೋಸುವವರು ಮೊದಲ ಸುತ್ತಿನಲ್ಲೇ ಅದನ್ನು ಪಕ್ಕಕ್ಕಿಡುತ್ತಾರೆ. ಬೇರೆಡೆ ಅಡ್ಡಿಯಾಗುವ ಆ ಎಂಟು ವರ್ಷಗಳೇ ಇಲ್ಲಿ ನಿನ್ನ ಅರ್ಹತೆ.

ಹಾಗೂ ಹೀಗೂ ದಾಟಿದರೂ ಹಿನ್ನೆಲೆ ಪರಿಶೀಲನೆ ಇದ್ದೇ ಇದೆ. ಸಲಹೆಗಾರ್ತಿಯಾಗಿದ್ದೆ ಎಂದವಳಿಂದ ಬಿಲ್ಲುಗಳನ್ನೂ ಬ್ಯಾಂಕಿಗೆ ಹಣ ಬಂದ ದಾಖಲೆಯನ್ನೂ ಕೇಳುತ್ತಾರೆ. ಕೆಲಸಕ್ಕೆ ಸೇರುವ ದಿನ ಗೊತ್ತಾದ ಮೇಲೆ, ಹೀಗೇ ಒಂದು ಸುಳ್ಳು ಸಾಲಿನಿಂದ ಆಹ್ವಾನ ಕಳೆದುಕೊಂಡ ಹುಡುಗಿಯೊಬ್ಬಳಿಗೆ ಅದು ರದ್ದಾಯಿತೆಂಬ ಪತ್ರ ಬರೆದವಳು ನಾನೇ. ಕೆಲಸ ಬಲ್ಲವಳಾಗಿದ್ದಳು. ಇವತ್ತಿಗೂ ಅವಳ ಮುಖ ನೆನಪಿದೆ.

ಹಾಗಾದರೆ ಏನು ಬರೆಯಬೇಕು? ‘ಮಾರ್ಚ್ 2017ರಿಂದ ವೃತ್ತಿ ವಿರಾಮ: ಮಕ್ಕಳ ಪಾಲನೆ, 2018ರಿಂದ 2020ರವರೆಗೆ ತಂದೆಯ ಆರೈಕೆ. ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.’ ಇಷ್ಟೇ ಸಾಕು, ಕ್ಷಮೆ ಕೇಳುವ ಧಾಟಿ ಬೇಡ. ಮನೆ ನಡೆಸಿದ್ದನ್ನು ಆಡಳಿತದ ಅನುಭವವೆಂದು ಹಿಗ್ಗಿಸುವುದೂ ಬೇಡ. 2022ರಲ್ಲಿ ಗೆಳತಿಯ ಅಂಗಡಿಯ ಬಿಲ್ಲಿಂಗ್ ತಂತ್ರಾಂಶವನ್ನು ನಾಲ್ಕು ತಿಂಗಳು ಪರೀಕ್ಷಿಸಿ ಕೊಟ್ಟೆಯಲ್ಲ, ಅದನ್ನು ಇದರ ಕೆಳಗೆ ಇದ್ದ ಹಾಗೆಯೇ ಬರೆ: ನಾಲ್ಕು ತಿಂಗಳು, ಸಂಬಳವಿಲ್ಲದೆ.

ಅಪ್ಪನ ಆರೈಕೆ ಎಂಬ ಮಾತು ನಿನ್ನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಅವರನ್ನು ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಕಾಯುತ್ತಾ ಕೂತವಳು ನೀನು. ಆ ಎರಡು ವರ್ಷ ನಾನು ಕಚೇರಿಗೆ ಹೋಗುತ್ತಿದ್ದೆ. ನೀನು ಮನೆಯಲ್ಲಿದ್ದುದರಿಂದಲೇ ನಿವೃತ್ತಿಯವರೆಗೆ ನನ್ನ ಕೆಲಸ ಉಳಿಯಿತು. ಅದಕ್ಕೇ ಆ ಸಾಲನ್ನು ನೀನು ಬರೆಯಲೇಬೇಕು ಎನ್ನುತ್ತೇನೆ.

ಇನ್ನು ತಂತ್ರಾಂಶ ಪರೀಕ್ಷಕಿಯಾಗಿದ್ದ ಹಳೆಯ ಕೆಲಸದ ಭಾಗ. ‘ವಿವಿಧ ಮಾಡ್ಯೂಲ್‌ಗಳ ಪರೀಕ್ಷೆಯ ಜವಾಬ್ದಾರಿ’ ಎಂದು ಬರೆದಿದ್ದೀಯೆ. ಇದನ್ನು ಯಾರು ಬೇಕಾದರೂ ಬರೆಯಬಹುದು. 2015ರಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ನೀನು ಹೇಳಿದ್ದು ನೆನಪಿದೆಯೇ? ಆರೋಗ್ಯ ವಿಮೆಯ ಆ ಪಾಲಿಸಿಯಲ್ಲಿ ಹಣ ಸಿಗಬೇಕಾದರೆ ರೋಗಿ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು. ನಿಮ್ಮ ತಂತ್ರಾಂಶ ಗಂಟೆ ಲೆಕ್ಕ ಹಾಕದೆ ತಾರೀಕು ಮಾತ್ರ ನೋಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಸೇರಿ ಬೆಳಗಿನ ಜಾವ ಒಂದಕ್ಕೆ ಮನೆಗೆ ಹೋದವರಿಗೂ ಒಂದು ದಿನ ಎಂದು ತೋರಿಸುತ್ತಿತ್ತು. ಎಲ್ಲರೂ ಹಗಲಿನ ವೇಳೆ ಹಾಕಿ ಪರೀಕ್ಷಿಸಿದ್ದರು, ನೀನು ಮಧ್ಯರಾತ್ರಿ ದಾಟುವ ವೇಳೆ ಹಾಕಿ ನೋಡಿದೆ. ಅನ್ನ ಕಲಸುವುದನ್ನೂ ಬಿಟ್ಟು ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆದು ವಿವರಿಸಿದ್ದೆ. ಆ ದೋಷವನ್ನು ಎರಡು ಸಾಲಿನಲ್ಲಿ ಬರೆ. ನಿನ್ನ ತಲೆ ಹೇಗೆ ಓಡುತ್ತದೆ ಎಂಬುದು ಓದುವವರಿಗೆ ಅದರಿಂದ ತಿಳಿಯುತ್ತದೆ.

ಹೊಸದಾಗಿ ಕಲಿತದ್ದನ್ನು ಹಳೆಯದರ ಜೊತೆ ಒಂದೇ ಪಟ್ಟಿಗೆ ಸೇರಿಸಿದ್ದೀಯೆ. ಬೇರೆ ಮಾಡು. ಕೈಯಿಂದ ಮಾಡುವ ಪರೀಕ್ಷೆ, 2009ರಿಂದ 2017. ಸೆಲೆನಿಯಮ್ ಬಳಸಿ ಸ್ವಯಂಚಾಲಿತ ಪರೀಕ್ಷೆ, 2025, ಸ್ವಂತ ಅಭ್ಯಾಸ. ಇಸವಿ ಇಲ್ಲದಿದ್ದರೆ ಸಂದರ್ಶಕರು ಎಂಟು ವರ್ಷದ ಪಳಗಿದ ಕೈ ಎಂದುಕೊಂಡು ಕಷ್ಟದ ಪ್ರಶ್ನೆ ಕೇಳುತ್ತಾರೆ, ಆಗ ನೀನು ತಡವರಿಸುತ್ತೀಯೆ. ಅಭ್ಯಾಸಕ್ಕೆ ಮಾಡಿದ ಆ ಸಣ್ಣ ಪ್ರಾಜೆಕ್ಟಿನ ಬಗ್ಗೆ ಕೇಳಿದರೆ ಕಳೆದ ತಿಂಗಳ ಸಂಗತಿ ಹೇಳು. ನಿನ್ನೆ ಓಡಿದ ಸ್ಕ್ರಿಪ್ಟ್ ಇಂದು ಬಿದ್ದಿತು, ಪುಟದಲ್ಲಿ ಒಂದು ಪೆಟ್ಟಿಗೆ ಹೆಚ್ಚಾಗಿದ್ದರಿಂದ ಗುಂಡಿಯ ಪೂರ್ತಿ ವಿಳಾಸವೇ ತಪ್ಪಿತು, ಆಮೇಲೆ ಗುಂಡಿಯನ್ನು ಅದರ ಐಡಿಯಿಂದ ಹುಡುಕುವಂತೆ ತಿದ್ದಿದೆ ಎಂದು. ಬಿದ್ದದ್ದು, ಬಿದ್ದ ಕಾರಣ, ಎದ್ದ ಬಗೆ ಮೂರನ್ನೂ ಹೇಳಿದರೆ ಪ್ರಮಾಣಪತ್ರಕ್ಕಿಂತ ಹೆಚ್ಚಿನ ತೂಕ ಬರುತ್ತದೆ.

ಕಾಗದಪತ್ರಗಳನ್ನು ಆಯ್ಕೆಯಾದ ಮೇಲೆ ಹುಡುಕೋಣ ಎನ್ನಬೇಡ, ಈ ವಾರವೇ ಕೂರು. ಹೆಣ್ಣುಮಕ್ಕಳು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ನಿನ್ನ ಪದವಿ ಪತ್ರದಲ್ಲಿ ಅಪ್ಪನ ಇನಿಶಿಯಲ್ ಇದೆ, ಪ್ಯಾನ್‌ನಲ್ಲಿ ಅದೇ ಬಿಡಿಸಿ ಬರೆದ ಹೆಸರಾಗಿದೆ, ಮದುವೆಯಾದ ಮೇಲೆ ಆಧಾರ್‌ಗೆ ಗಂಡನ ಹೆಸರು ಸೇರಿದೆ. ಮೂರೂ ಒಬ್ಬಳದೇ ಎಂದು ತೋರಿಸಲು ಮದುವೆಯ ನೋಂದಣಿ ಪತ್ರವನ್ನೂ ಒಂದು ಅಫಿಡವಿಟ್ಟನ್ನೂ ಸಿದ್ಧವಾಗಿಡು. ಪಿಎಫ್ ಖಾತೆ ತೆರೆದು ಎರಡನೆಯ ಕಂಪನಿ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡು. ಎಷ್ಟೋ ಕಡೆ ಅದನ್ನು ತುಂಬದೆ ಬಿಟ್ಟಿರುತ್ತಾರೆ. ಆಧಾರ್ ಜೋಡಣೆಯಾಗಿದ್ದರೆ ನೀನೇ ಆನ್‌ಲೈನಿನಲ್ಲಿ ತುಂಬಬಹುದು. ಮೊದಲ ಕಂಪನಿ ಈಗ ಬೇರೊಂದರಲ್ಲಿ ವಿಲೀನವಾಗಿದೆ, ಪರಿಶೀಲನೆಯ ಪತ್ರಕ್ಕೆ ಅಲ್ಲಿಂದ ಉತ್ತರ ಬರುವ ಭರವಸೆಯಿಲ್ಲ. ಅದಕ್ಕೆ ಆದಾಯ ತೆರಿಗೆಯ 26ಎಎಸ್ ಇಳಿಸಿಕೋ. ನಿನ್ನ ಸಂಬಳದಿಂದ ತೆರಿಗೆ ಕಡಿತ ಮಾಡಿದವರ ಹೆಸರು ವರ್ಷವಾರು ಅದರಲ್ಲಿ ಇರುತ್ತದೆ.

ಸಂದರ್ಶನದ ಕೊನೆಗೆ ‘ನಿಮ್ಮ ಪ್ರಶ್ನೆ ಏನಾದರೂ?’ ಎನ್ನುತ್ತಾರೆ. ಆರು ತಿಂಗಳ ಈ ಒಪ್ಪಂದ ಕಂಪನಿಯ ಲೆಕ್ಕದಲ್ಲೋ ಮಧ್ಯವರ್ತಿ ಸಂಸ್ಥೆಯ ಲೆಕ್ಕದಲ್ಲೋ ಎಂದು ಕೇಳು. ಹಿಂದಿನ ತಂಡದಲ್ಲಿ ಎಷ್ಟು ಜನರನ್ನು ಕಾಯಂ ಮಾಡಿಕೊಂಡರು, ಯಾವ ಹಂತದಲ್ಲಿ ಎಂದೂ ಕೇಳು. ಕಾಯಂ ಮಾಡುತ್ತೇವೆಂಬ ಖಾತರಿಯನ್ನು ಈ ಕಾರ್ಯಕ್ರಮಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅದು ಗೊತ್ತಿದ್ದೇ ಸೇರಬೇಕು, ನಾಲ್ಕನೆಯ ತಿಂಗಳಿಂದಲೇ ಬೇರೆಡೆಯೂ ಅರ್ಜಿ ಹಾಕುತ್ತಿರಬೇಕು.

ನಿನ್ನ 2009ರ ನೇಮಕಾತಿ ಪತ್ರ ಇಲ್ಲಿ ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಮೇಲೆ ನಿನ್ನ ಹೆಸರನ್ನು ತಮ್ಮ ಕೈಬರಹದಲ್ಲಿ ಬರೆದಿಟ್ಟಿದ್ದಾರೆ. ನಾಳೆ ಬೆಳಗ್ಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತೇನೆ. ತಿದ್ದಿದ ಅರ್ಜಿಯನ್ನು ಭಾನುವಾರದೊಳಗೆ ನನಗೆ ಕಳುಹಿಸು.

ನಿನ್ನ
ಅಮ್ಮ