ಹೆಂಗಸರ ಡಬ್ಬಾ ಹತ್ತಿ 270 ರೂಪಾಯಿ ಕಟ್ಟಿದ ವಿಷಯ: ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ, ಸವಿನಯ ನಮಸ್ಕಾರಗಳು.

ಮುಂಬಯಿಯ ಲೋಕಲ್ ರೈಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸೆಕೆಂಡ್ ಕ್ಲಾಸ್ ಪಾಸಿನ ಮೇಲೆ ಓಡಾಡುತ್ತಿರುವ ಕನ್ನಡಿಗ ನಾನು, ತಮ್ಮ ಕ್ಷೇತ್ರದ ಮತದಾರ. ರೈಲು ತಡವಾಗುವುದರ ಬಗ್ಗೆಯೋ ನೂಕುನುಗ್ಗಲಿನ ಬಗ್ಗೆಯೋ ತಮಗೆ ಬರುವ ಪತ್ರಗಳಿಗೆ ಲೆಕ್ಕವಿರಲಾರದು. ಈ ಪತ್ರದ ವಿಷಯ ಅದಕ್ಕಿಂತ ಬಹಳ ಚಿಕ್ಕದು, ಆದರೆ ಅದರ ಅರ್ಧ ಭಾಗವನ್ನು ಸಂಸತ್ತು ಮಾತ್ರ ಸರಿಪಡಿಸಬಲ್ಲದು ಎಂಬ ಕಾರಣಕ್ಕೆ ರೈಲ್ವೆ ಅಧಿಕಾರಿಗಳಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ನನ್ನ ತಾಯಿಯ ತಂಗಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಮೌಶಿ, ಹುಬ್ಬಳ್ಳಿಯಿಂದ ಬಂದು ಬೆಳಗಿನ ಹೊತ್ತು ದಾದರಿನಲ್ಲಿ ಇಳಿದರು. ಅಲ್ಲಿಂದ ನಮ್ಮ ಮನೆಯ ಸ್ಟೇಷನ್ನಿಗೆ ನಾಲ್ಕೇ ಕಿಲೋಮೀಟರ್. ತಲಾ 5 ರೂಪಾಯಿಯ ಎರಡು ಸೆಕೆಂಡ್ ಕ್ಲಾಸ್ ಟಿಕೆಟ್ ತೆಗೆದೆ. ಜನರಲ್ ಡಬ್ಬಾದ ಬಾಗಿಲಿನಲ್ಲಿ ಆಗಲೇ ಜನ ಜೋತುಬಿದ್ದಿದ್ದರು, ಅರವತ್ತು ದಾಟಿದ ಹೆಂಗಸನ್ನು ಅದರೊಳಗೆ ತುರುಕುವ ಧೈರ್ಯ ನನಗಾಗಲಿಲ್ಲ. ಪಕ್ಕದ ಡಬ್ಬಾದ ಮೇಲಿನ ಮಹಿಳೆಯ ಚಿತ್ರವನ್ನು ತೋರಿಸಿ, ಅದು ಹೆಂಗಸರದು, ಅಲ್ಲಿ ಹತ್ತಿ, ಮೂರನೆಯ ನಿಲ್ದಾಣದಲ್ಲಿ ಇಳಿಯಿರಿ ಎಂದು ಹೇಳಿ, ಚೀಲಗಳನ್ನು ಹೊತ್ತು ನಾನು ಜನರಲ್ ಡಬ್ಬಾಕ್ಕೆ ಓಡಿದೆ. ಇಳಿದು ನೋಡಿದರೆ ಮೌಶಿ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಮಹಿಳಾ ಟಿ.ಸಿ.ಯ ಎದುರು ನಿಂತಿದ್ದರು. ಅವರು ಹತ್ತಿದ್ದು ಹೆಂಗಸರ ಡಬ್ಬಾವೇ, ಆದರೆ ಫಸ್ಟ್ ಕ್ಲಾಸಿನ ಹೆಂಗಸರ ಡಬ್ಬಾ. ‘ಹೆಣ್ಮಕ್ಕಳ ಡಬ್ಬಿ ಅಂತ ನೀನ ಹೇಳಿದ್ಯೆಲ್ಲೋ, ಅದಕ್ಕ ಹತ್ತಿದೆ’ ಎಂದರು. ತಪ್ಪು ಯಾರದೆಂದು ಅಲ್ಲಿಗೇ ಇತ್ಯರ್ಥವಾಯಿತು.

ಟಿ.ಸಿ. ಒಂದು ಮಾತೂ ಗಡುಸಾಗಿ ಆಡಲಿಲ್ಲ, ಲೆಕ್ಕವನ್ನು ಬಿಡಿಸಿಯೇ ಹೇಳಿದರು. 2022ರ ಮೇ ತಿಂಗಳಲ್ಲಿ ಫಸ್ಟ್ ಕ್ಲಾಸ್ ದರ ಇಳಿದ ಮೇಲೆ ಇಷ್ಟು ದೂರಕ್ಕೆ ಟಿಕೆಟ್ 25 ರೂಪಾಯಿ. ಅದರಲ್ಲಿ ನಾವು ಕೊಟ್ಟ 5 ಕಳೆದರೆ ವ್ಯತ್ಯಾಸ 20. ಅದರ ಮೇಲೆ ಹೆಚ್ಚುವರಿ ಶುಲ್ಕ, ಅಂದರೆ ಬಾಕಿ ದರದಷ್ಟು ಇಲ್ಲವೇ 250 ರೂಪಾಯಿ, ಎರಡರಲ್ಲಿ ಯಾವುದು ಹೆಚ್ಚೋ ಅದು. ಒಟ್ಟು 270. ಹಣ ಕೊಟ್ಟು ಎಕ್ಸೆಸ್ ಫೇರ್ ಟಿಕೆಟ್ ಪಡೆದು ಮನೆಗೆ ಹೋದೆವು. ಅವರು ಮಾಡಿದ್ದು ಕಾನೂನಿನ ಪ್ರಕಾರ ಸರಿ ಎಂದು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ನನ್ನ ತಕರಾರು ಆ ಕಾನೂನಿನ ಬಗ್ಗೆ ಮತ್ತು ಡಬ್ಬಾದ ಗೋಡೆಯ ಬಗ್ಗೆ.

ಮೊದಲು ಗೋಡೆಯ ವಿಷಯ. ಲೋಕಲ್ಲಿನಲ್ಲಿ ಒಂದು ಬೋಗಿ ಎಂದರೆ ಒಂದೇ ದರ್ಜೆ ಎಂದು ಊರಿನಿಂದ ಬಂದವರು ತಿಳಿಯುತ್ತಾರೆ, ಏಕೆಂದರೆ ದೂರದ ರೈಲುಗಳಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಇಲ್ಲಿ ಒಂದೇ ಬೋಗಿಯನ್ನು ಅಡ್ಡಗೋಡೆಯಿಂದಲೋ ಜಾಲರಿಯಿಂದಲೋ ಸೀಳಿ, ಒಂದು ತುಂಡನ್ನು ಫಸ್ಟ್ ಕ್ಲಾಸಿಗೆ, ಒಂದನ್ನು ಹೆಂಗಸರ ಫಸ್ಟ್ ಕ್ಲಾಸಿಗೆ, ಮತ್ತೊಂದನ್ನು ಸೆಕೆಂಡ್ ಕ್ಲಾಸಿಗೆ ಕೊಟ್ಟಿರುತ್ತಾರೆ. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕೆಲವೇ ಹೆಜ್ಜೆ. ಹೊರಮೈ ಮೇಲೆ ಓರೆಪಟ್ಟೆಗಳಿವೆ, ದರ್ಜೆಯನ್ನು ತಿಳಿಸುವ ಬರಹವಿದೆ, ಹೆಂಗಸರ ಡಬ್ಬಾ ನಿಲ್ಲುವ ಜಾಗವನ್ನು ತಿಳಿಸುವ ಫಲಕ ಪ್ಲಾಟ್‌ಫಾರ್ಮಿನಲ್ಲಿಯೂ ಇದೆ. ನಮ್ಮಂಥ ದಿನನಿತ್ಯದವರು ಆ ಪಟ್ಟೆಯ ಬಣ್ಣವನ್ನು ದೂರದಿಂದಲೇ ಓದುತ್ತೇವೆ. ನಿಜ ಹೇಳಬೇಕೆಂದರೆ ಓದುವುದೂ ಇಲ್ಲ, ಕಾಲುಗಳೇ ಪ್ಲಾಟ್‌ಫಾರ್ಮಿನ ಆ ಕಂಬದ ಹತ್ತಿರ ಹೋಗಿ ನಿಲ್ಲುತ್ತವೆ. ಹೊಸಬರ ಕಣ್ಣಿಗೆ ಬೀಳುವುದು ಮಹಿಳೆಯ ಚಿತ್ರವೊಂದೇ, ಆ ಚಿತ್ರ ಎರಡೂ ದರ್ಜೆಗೆ ಸಾಮಾನ್ಯ. ದರ್ಜೆಯ ಗುರುತು ಇರುವುದು ಬಾಗಿಲಿನ ಪಕ್ಕದ ಗೋಡೆಯ ಮೇಲೆ. ಸಾಧಾರಣ ಲೋಕಲ್ಲಿನ ಬಾಗಿಲು ಸದಾ ತೆರೆದೇ ಇರುತ್ತದೆ, ಬಾಗಿಲಿನಲ್ಲಿ ನಿಂತವರ ಭುಜ, ಬೆನ್ನು, ಚೀಲಗಳು ಆ ಗುರುತನ್ನು ಮರೆಮಾಡುತ್ತವೆ. ಮೌಶಿ ಹತ್ತಿದ ಬಾಗಿಲಿನಲ್ಲಿ ಇಬ್ಬರು ಹುಡುಗಿಯರು ಗಾಳಿಗೆ ನಿಂತಿದ್ದರಂತೆ. ಅಕ್ಷರ ಇದ್ದದ್ದು ಅವರ ಬೆನ್ನ ಹಿಂದೆ.

ಹತ್ತಿದ ಮೇಲೆ ತಪ್ಪು ಗೊತ್ತಾದರೂ ಮಾಡುವುದೇನಿದೆ? ಸಾಧಾರಣ ಲೋಕಲ್ಲಿನಲ್ಲಿ ಒಂದು ಡಬ್ಬಾದಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಓಡಬೇಕು, ರೈಲು ಅಲ್ಲಿ ನಿಲ್ಲುವುದು ಅರ್ಧ ನಿಮಿಷದೊಳಗೆ. ಸ್ಲೋ ಲೋಕಲ್ ಆದರೆ ಎರಡು ಮೂರು ನಿಮಿಷಕ್ಕೊಂದು ನಿಲ್ದಾಣವಾದರೂ ಬರುತ್ತದೆ. ಫಾಸ್ಟ್ ಲೋಕಲ್ ಹತ್ತಿದವರಿಗೆ ಐದಾರು ನಿಲ್ದಾಣಗಳು ಕಣ್ಣೆದುರೇ ಹಾದುಹೋಗುತ್ತವೆ, ತಪ್ಪು ಡಬ್ಬಾದ ದೂರವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. 2017ರಲ್ಲಿ ಬಂದ ಎ.ಸಿ. ಲೋಕಲ್ಲಿನಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದರಿಂದ ಕೊನೆಯ ಕ್ಷಣದಲ್ಲಿ ಮನಸ್ಸು ಬದಲಿಸಿ ಇಳಿಯುವುದಕ್ಕೂ ಆಗುವುದಿಲ್ಲ.

ಇನ್ನು ಕಾನೂನು. 1989ರ ರೈಲ್ವೆ ಕಾಯ್ದೆಯ ಮೂರು ಕಲಮುಗಳನ್ನು ದಯವಿಟ್ಟು ಅಕ್ಕಪಕ್ಕ ಇಟ್ಟು ನೋಡಬೇಕು. ಮೋಸದ ಉದ್ದೇಶದಿಂದ ಪ್ರಯಾಣ ಮಾಡುವವನಿಗೆ 137ನೆಯ ಕಲಮು ಅನ್ವಯಿಸುತ್ತದೆ, ಅಲ್ಲಿ ಉದ್ದೇಶ ಸಾಬೀತಾಗಬೇಕು. ಹೆಂಗಸರಿಗೆ ಮೀಸಲಾದ ಡಬ್ಬಾವನ್ನು ಹೊಕ್ಕ ಗಂಡಸಿಗೆ 162ನೆಯ ಕಲಮು. ಅದೂ ಸಹ, ಡಬ್ಬಾ ಮೀಸಲೆಂದು ಗೊತ್ತಿದ್ದು ಅಥವಾ ಗೊತ್ತಾಗಲು ಕಾರಣವಿದ್ದು, ಸಕಾರಣವಿಲ್ಲದೆ ಹೊಕ್ಕವನನ್ನು, ಇಲ್ಲವೇ ಇಳಿಯೆಂದ ಮೇಲೂ ಇಳಿಯದವನನ್ನು ಮಾತ್ರ ಅಪರಾಧಿ ಎನ್ನುತ್ತದೆ. ಆದರೆ ಕೆಳದರ್ಜೆಯ ಟಿಕೆಟ್ ಹಿಡಿದು ಮೇಲ್ದರ್ಜೆಯಲ್ಲಿ ಕುಳಿತವರಿಗೆ ಅನ್ವಯಿಸುವ 138ನೆಯ ಕಲಮು ಗೊತ್ತಿತ್ತೇ ಇಲ್ಲವೇ ಎಂದು ಕೇಳುವುದೇ ಇಲ್ಲ. ಕುಳಿತಿದ್ದರೆ ಸಾಕು, ಕೇಳಿದಾಗ ಕೊಡಬೇಕು. ಹೀಗಾಗಿ ಬೇಕೆಂದೇ ಹೆಂಗಸರ ಡಬ್ಬಾಕ್ಕೆ ನುಗ್ಗಿದ ಗಂಡಸಿಗೆ ‘ನನಗೆ ಗೊತ್ತಿರಲಿಲ್ಲ’ ಎಂದು ವಾದಿಸಲು ಜಾಗವಿದೆ, ಹೆಂಗಸರ ಡಬ್ಬಾವೆಂದೇ ನಂಬಿ ಹತ್ತಿದ ಹೆಂಗಸಿಗೆ ಇಲ್ಲ.

ಇದನ್ನು ಓದಿ ಯಾರೂ ನಾನು ಹೆಂಗಸರ ಮೀಸಲಿನ ವಿರುದ್ಧ ಮಾತನಾಡುತ್ತಿದ್ದೇನೆಂದು ತಿಳಿಯಬಾರದು. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮೊದಲ ಲೇಡೀಸ್ ಸ್ಪೆಷಲ್ ಓಡಿದ ಊರಿದು. ನನ್ನ ಹೆಂಡತಿ ಕೆಲಸ ಮಾಡಲು ಸಾಧ್ಯವಾದದ್ದೇ ಹೆಂಗಸರ ಡಬ್ಬಾ ಇದ್ದುದರಿಂದ.

ಅದೇ 138ನೆಯ ಕಲಮಿನೊಳಗೆ ಒಂದು ರಿಯಾಯಿತಿ ಅಡಗಿದೆ, ಅದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಮುಖ್ಯ ಉದ್ದೇಶ. ‘ನಂತರ ದರ ಕೊಡುತ್ತೇನೆ’ ಎಂಬ ಷರತ್ತಿನ ಮೇಲೆ ರೈಲ್ವೆ ನೌಕರರ ಅನುಮತಿ ಪಡೆದು ಪ್ರಯಾಣ ಮಾಡುವವರಿಗೆ 55ನೆಯ ಕಲಮಿನಂತೆ ಒಂದು ಪ್ರಮಾಣಪತ್ರ ಸಿಗುತ್ತದೆ, ಅದು ಕೈಯಲ್ಲಿದ್ದರೆ ದರ ಕೊಟ್ಟರೆ ಸಾಕು, ಹೆಚ್ಚುವರಿ ಶುಲ್ಕವಿಲ್ಲ. ಹಳೆಯ ಕಾಲದ ಪ್ಯಾಸೆಂಜರ್ ರೈಲಿಗೆ ಇದು ಒಳ್ಳೆಯ ನಿಯಮ. ಗಾಡಿ ಐದು ನಿಮಿಷ ನಿಂತಿರುತ್ತಿತ್ತು, ಟಿಕೆಟ್ ಸಿಗದವರು ಗಾರ್ಡಿನ ಹತ್ತಿರ ಹೋಗಿ ಚೀಟಿ ಬರೆಸಿಕೊಳ್ಳಬಹುದಿತ್ತು. ಲೋಕಲ್ಲಿನಲ್ಲಿ ಗಾರ್ಡ್ ಇರುವುದು ಹನ್ನೆರಡನೆಯದೋ ಹದಿನೈದನೆಯದೋ ಡಬ್ಬಾದ ತುದಿಯಲ್ಲಿ. ಒಳಗಿನಿಂದ ದಾರಿ ಇಲ್ಲ, ಹೊರಗಿನಿಂದ ಓಡಿದರೆ ರೈಲು ಉಳಿಯುವುದಿಲ್ಲ. ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಳ್ಳುವವರಿಗೆಂದು ಕಾನೂನು ತೆರೆದ ಕಿಂಡಿ ಲೋಕಲ್ಲಿನ ಮಟ್ಟಿಗೆ ಗೋಡೆಯ ಮೇಲೆ ಬರೆದ ಕಿಂಡಿಯ ಚಿತ್ರವಾಗಿದೆ.

ಆದ್ದರಿಂದ 138ನೆಯ ಕಲಮಿಗೆ ಒಂದು ತಿದ್ದುಪಡಿ ತರಲು ತಾವು ಪ್ರಯತ್ನಿಸಬೇಕೆಂದು ಕೋರುತ್ತೇನೆ. ಉಪನಗರ ರೈಲಿನಲ್ಲಿ ಅದೇ ಮಾರ್ಗದ ಸೆಕೆಂಡ್ ಕ್ಲಾಸ್ ಬಿಡಿ ಟಿಕೆಟ್ ಇರುವವರು ತಪ್ಪಿ ಮೇಲ್ದರ್ಜೆ ಹತ್ತಿದ್ದರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಡಬ್ಬಾ ಬದಲಿಸಲು ಸಿದ್ಧರಿದ್ದರೆ, ಅವರಿಂದ ದರದ ವ್ಯತ್ಯಾಸವನ್ನು ಮಾತ್ರ ಪಡೆಯಬೇಕು. 250 ರೂಪಾಯಿ ಎಂಬ ಮೊತ್ತ ಕಾಯ್ದೆಯಲ್ಲಿಯೇ ಇರುವುದರಿಂದ ಯಾವ ಟಿ.ಸಿ.ಗೂ ಕರುಣೆ ತೋರಲು ಅಧಿಕಾರವಿಲ್ಲ, ತೋರಿದರೆ ಅದು ಅವರ ತಪ್ಪಾಗುತ್ತದೆ.

ಎಲ್ಲರೂ ಇದೇ ನೆಪ ಹೇಳುತ್ತಾರೆ ಎಂಬ ಆಕ್ಷೇಪ ಬರುವುದು ಖಂಡಿತ, ಅದರಲ್ಲಿ ಹುರುಳೂ ಇದೆ. ನಿತ್ಯ ಓಡಾಡುತ್ತಾ, ಬೇಕೆಂದೇ ಫಸ್ಟ್ ಕ್ಲಾಸಿನಲ್ಲಿ ಕುಳಿತು ಟಿ.ಸಿ. ಕಂಡೊಡನೆ ಮುಗ್ಧರಾಗುವವರನ್ನು ನಾನೂ ಕಂಡಿದ್ದೇನೆ. ಅದಕ್ಕಾಗಿಯೇ ಬಿಡಿ ಟಿಕೆಟ್ ಎಂದೆ, ಪಾಸಿನವರು ಬೇಡ. ನನ್ನಂಥ ಪಾಸಿನವನಿಗೆ ಡಬ್ಬಾ ಗೊತ್ತಿಲ್ಲವೆಂದು ಹೇಳಲು ಬಾಯಿಯೇ ಇಲ್ಲ. ಬಿಡಿ ಟಿಕೆಟ್ಟಿನ ಮೇಲೆ ಅದನ್ನು ಕೊಂಡ ಸಮಯ ಅಚ್ಚಾಗಿರುತ್ತದೆ, ಒಂದು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕೆಂಬ ನಿಯಮವೂ ಇದೆ. ಮೌಶಿಯ ಟಿಕೆಟ್ ಕೊಂಡು ಇನ್ನೂ ಇಪ್ಪತ್ತು ನಿಮಿಷವಾಗಿರಲಿಲ್ಲ. ಅವರು ಹತ್ತಿ ಎಷ್ಟು ನಿಲ್ದಾಣವಾಗಿರಬಹುದೆಂದು ಆ ಚೀಟಿಯನ್ನು ನೋಡಿಯೇ ಹೇಳಬಹುದಿತ್ತು. ಇಷ್ಟಾದರೂ ಕೆಲವರು ದುರುಪಯೋಗ ಮಾಡಿಯೇ ತೀರುತ್ತಾರೆ. ಆ ನಷ್ಟವನ್ನು ಒಪ್ಪಿಕೊಳ್ಳಬಹುದೇ ಎಂಬುದನ್ನು ತಾವು ನಿರ್ಧರಿಸಬೇಕು.

ತಿದ್ದುಪಡಿಗೆ ಕಾಲ ಹಿಡಿಯುತ್ತದೆ, ಬಣ್ಣ ಬಳಿಯಲು ಹಿಡಿಯುವುದಿಲ್ಲ. ಹೆಂಗಸರ ಫಸ್ಟ್ ಕ್ಲಾಸಿನ ಬಾಗಿಲಿನ ಹೊಸ್ತಿಲ ಮೇಲೆ, ಹತ್ತುವವರು ಕಾಲಿಡುವ ಜಾಗದಲ್ಲಿಯೇ, ದರ್ಜೆಯನ್ನು ದೊಡ್ಡದಾಗಿ ಬರೆಯಬಹುದು, ಏಕೆಂದರೆ ಎಷ್ಟೇ ನೂಕಾಟವಿದ್ದರೂ ಹತ್ತುವವರೆಲ್ಲರೂ ಒಂದು ಕ್ಷಣ ಕಾಲಿನ ಕಡೆ ನೋಡಿಯೇ ನೋಡುತ್ತಾರೆ. ಬಾಗಿಲಿನ ಒಳಗಡೆ ಹಿಡಿದು ನಿಲ್ಲುವ ಕಂಬಕ್ಕೆ ಕಣ್ಣಿನ ಎತ್ತರದಲ್ಲಿ ಅದೇ ಬರಹವಿರಲಿ. ಮಹಿಳೆಯ ಚಿತ್ರವನ್ನು ಎರಡೂ ದರ್ಜೆಗೆ ಒಂದೇ ಬಗೆಯಲ್ಲಿ ಬಳಸದೆ, ಫಸ್ಟ್ ಕ್ಲಾಸಿನಲ್ಲಿ ಚಿತ್ರದೊಳಗೇ ದರ್ಜೆಯ ಅಂಕಿಯನ್ನು ಸೇರಿಸಲಿ. ರೈಲು ಬಳಕೆದಾರರ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಮೂರು ಮಾತುಗಳನ್ನು ಎತ್ತಲು ತಮ್ಮ ಒಂದು ಪತ್ರ ಸಾಕು.

ಮೌಶಿ ಬರುವ ಯುಗಾದಿಗೆ ಮತ್ತೆ ಬರುತ್ತಾರೆ. ಅಂದು ಬೆಳಿಗ್ಗೆ ದಾದರಿನ ಪ್ಲಾಟ್‌ಫಾರ್ಮಿಗೆ ತಾವೂ ಬಂದು, ಒಂದು ಲೋಕಲ್ ಬಂದು ನಿಂತು ಹೊರಡುವಷ್ಟರಲ್ಲಿ ಹೆಂಗಸರ ಎರಡು ಡಬ್ಬಾಗಳಲ್ಲಿ ಯಾವುದು ಫಸ್ಟ್ ಕ್ಲಾಸ್ ಎಂದು ಗುರುತಿಸಿ ನೋಡಬೇಕೆಂದು ವಿನಂತಿ. ನಾನು ಪಕ್ಕದಲ್ಲಿರುತ್ತೇನೆ, ಆದರೆ ಹೇಳಿಕೊಡುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಒಬ್ಬ ಸೆಕೆಂಡ್ ಕ್ಲಾಸ್ ಪಾಸುದಾರ