ಗೆಳೆಯನಿಗೊಂದು ಪತ್ರ: ವಿಡಿಯೊ ಕಾಲ್‌ನಲ್ಲಿ ಕಾಣದ ಮನೆ

ಪ್ರೀತಿಯ ಗೆಳೆಯಾ,

ಉತ್ತರ ಬರೆಯುವುದು ತಡವಾಯಿತು. "ನೀನು ಜರ್ಮನಿ ಬಿಟ್ಟು ಊರಿಗೆ ಹೋಗಿ ವರ್ಷದ ಮೇಲಾಯ್ತಲ್ಲ, ಈಗ ಹೇಳು, ನಾನೂ ಬರಲಾ ಬೇಡವಾ" ಅಂತ ನೀನು ಕೇಳಿದ್ದೆ. ಇದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನೀನು ಹೆದರಿಕೊಂಡಿರುವುದು ಹಾರನ್, ಧೂಳು, ಹೊತ್ತುಗೊತ್ತಿಲ್ಲದೆ ಬರುವ ನೆಂಟರು, ಇವುಗಳಿಗೆ ಅಲ್ವಾ? ಅವು ಮೈಗೂಡುತ್ತವೆ ಮಾರಾಯ. ಸ್ಟುಟ್‌ಗಾರ್ಟ್‌ನಲ್ಲಿ ಭಾನುವಾರ ಖಾಲಿ ಗಾಜಿನ ಬಾಟಲಿಯನ್ನು ಡಬ್ಬಕ್ಕೆ ಹಾಕುವ ಹಾಗೂ ಇರಲಿಲ್ಲ, ಸದ್ದಾಗುತ್ತದೆ ಅಂತ. ಇಲ್ಲಿ ಭಾನುವಾರ ಬೆಳಿಗ್ಗೆ ಆರಕ್ಕೇ ಪಕ್ಕದ ಮನೆಯ ಮಿಕ್ಸಿ ಶುರುವಾಗುತ್ತದೆ. ಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದು ನಿಂತರೆ, ಇವತ್ತು ತಿಂಡಿ ಏನಿರಬಹುದು ಅಂತ ಯೋಚಿಸುತ್ತೇನೆ. ಎಳನೀರಿನವನ ಗಾಡಿಯ ಮೇಲೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ನಾನು 2012ರಲ್ಲಿ ಹೊರಟಾಗ ಯುಪಿಐ ಹುಟ್ಟಿಯೇ ಇರಲಿಲ್ಲ. ಅದನ್ನೂ ಕಲಿತೆ.

ಕಲಿಯಲು ಆಗದ್ದು ಬೇರೆ ಇದೆ. ಅದನ್ನೇ ಹೇಳಬೇಕು.

ಆಲ್ಫ್ರೆಡ್ ಶುಟ್ಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ ಇದ್ದ. ವಿಯೆನ್ನಾದವನು, ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಊರು ಬಿಟ್ಟು ನ್ಯೂಯಾರ್ಕ್ ಸೇರಿದ. 1945ರಲ್ಲಿ, ಯುದ್ಧ ಮುಗಿಸಿ ಮನೆಗೆ ಮರಳುವ ಸೈನಿಕರನ್ನು ಮನಸ್ಸಲ್ಲಿಟ್ಟುಕೊಂಡು ಒಂದು ಲೇಖನ ಬರೆದ. ಅವನು ಹೇಳುವುದು ಸರಳ. ಹೊಸ ಊರಿಗೆ ಹೋಗುವವನಿಗೆ ತನಗೆ ಅಲ್ಲಿನದು ಏನೂ ಗೊತ್ತಿಲ್ಲ ಎನ್ನುವುದು ಗೊತ್ತಿರುತ್ತದೆ. ಹಾಗಾಗಿ ಕೇಳುತ್ತಾನೆ, ಕಲಿಯುತ್ತಾನೆ. ಮನೆಗೆ ಮರಳುವವನು ಎಲ್ಲ ಗೊತ್ತಿದೆ ಅಂದುಕೊಂಡೇ ಬರುತ್ತಾನೆ. ಮನೆಯವರೂ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಮನೆ ಅಂದರೆ ಗೋಡೆಯಲ್ಲ, ಒಟ್ಟಿಗೆ ಕಳೆದ ದಿನಗಳು. ಆ ದಿನಗಳು ನಿಂತುಹೋದ ಮೇಲೆ ಒಬ್ಬರಿಗೊಬ್ಬರು ಉಳಿಸಿಕೊಂಡಿರುವುದು ಹಳೆಯ ಚಿತ್ರ ಮಾತ್ರ. ಕಾಗದ ಬರೆದರೂ ಆ ಚಿತ್ರಕ್ಕೇ ಬರೆಯುತ್ತಿರುತ್ತಾರೆ.

ಅವನ ಕಾಲದಲ್ಲಿ ಕಾಗದ. ನಮಗೆ ವಿಡಿಯೊ ಕಾಲ್ ಇತ್ತು, ಮುಖ ಕಾಣುತ್ತಿತ್ತು, ಹಾಗಾಗಿ ಈ ಮಾತು ನಮಗೆ ಅನ್ವಯಿಸುವುದಿಲ್ಲ ಅಂತ ನೀನು ಹೇಳಬಹುದು. ನಾನೂ ಹಾಗೇ ನಂಬಿದ್ದೆ. ಈಗ ಅನ್ನಿಸುತ್ತದೆ, ವಿಡಿಯೊ ಕಾಲ್ ಕಾಗದಕ್ಕಿಂತ ಜಾಸ್ತಿ ಮುಚ್ಚಿಡುತ್ತದೆ. ಕಣ್ಣಾರೆ ಕಂಡಿದ್ದೇವೆ ಎನ್ನುವ ನಂಬಿಕೆ ಇರುತ್ತಲ್ಲ, ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ಪ್ರತಿ ಭಾನುವಾರ ಅಮ್ಮ ಹಾಲ್‌ನ ಕಿಟಕಿ ಪಕ್ಕ, ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು. ಅಪ್ಪ ಪಕ್ಕದಲ್ಲಿ ಕೂತು "ಎಲ್ಲ ಆರಾಮು" ಅನ್ನುತ್ತಿದ್ದರು. ನಾನೂ ಗಡ್ಡ ಬೋಳಿಸಿಕೊಂಡು, ಹಿಂದೆ ಪುಸ್ತಕದ ಕಪಾಟು ಕಾಣುವ ಹಾಗೆ ಕೂತು "ಇಲ್ಲೂ ಆರಾಮು" ಅನ್ನುತ್ತಿದ್ದೆ. ಹನ್ನೆರಡು ವರ್ಷ ನಾನು ನೋಡಿದ್ದು ಆ ಕಿಟಕಿಯ ಮೂಲೆಯನ್ನು. ಅಪ್ಪ ಬಚ್ಚಲಿಗೆ ಗೋಡೆ ಹಿಡಿದು ಹೋಗುವುದು ಅಲ್ಲಿಂದ ಕಾಣುತ್ತಿರಲಿಲ್ಲ. ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಕೈ ತಾಗಿ ತಾಗಿ ಸುಣ್ಣ ಮಾಸಿದ ಒಂದು ಗೆರೆ ಇದೆ. ನಡುಮನೆಯಿಂದ ಬಚ್ಚಲಿನವರೆಗೂ. ಅಷ್ಟು ಮಾಸಬೇಕಾದರೆ ಎಷ್ಟು ವರ್ಷ ಬೇಕು ಯೋಚಿಸು.

ಎದುರು ಮನೆಯ ಹುಡುಗನ ವಿಷಯ ನಿನಗೆ ಹೇಳಿದ್ದೆನಾ? ನಾನು ಹೊರಟಾಗ ಹೈಸ್ಕೂಲಿನಲ್ಲಿದ್ದ. ಈಗ ಇಲ್ಲೇ ಕೆಲಸದಲ್ಲಿದ್ದಾನೆ. ಗ್ಯಾಸ್ ಬುಕ್ ಮಾಡುವುದು ಅವನು, ಅಪ್ಪನ ಬಿಪಿ ಮಾತ್ರೆ ತರುವುದು ಅವನು. ಆಸ್ಪತ್ರೆಯ ಫೈಲಿನಲ್ಲಿ ತುರ್ತಿಗೆ ಯಾರಿಗೆ ತಿಳಿಸಬೇಕು ಅನ್ನುವ ಕಡೆ ಇರುವುದು ಅವನ ನಂಬರ್. ಬದಲಾಯಿಸೋಣ ಅಂತ ನಾನು ಹೇಳಿದೆ. ಅಮ್ಮ "ಇರಲಿ ಬಿಡೋ, ಅವನ ಫೋನು ಯಾವಾಗಲೂ ಸಿಗುತ್ತೆ" ಅಂದಳು. ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು.

ಬಂದ ಹೊಸದರಲ್ಲಿ ನನ್ನ ಬ್ಯಾಂಕ್ ಕೆಲಸಕ್ಕೂ ಅವನೇ ಬಂದ. ನನ್ನ ಹಳೆಯ ಸಿಮ್ ಎಂದೋ ಸತ್ತಿತ್ತು. ಖಾತೆಗೆ ಸೇರಿಸಿದ್ದು ಅದೇ ನಂಬರ್, ಒಟಿಪಿ ಹೋಗುವುದು ಅಲ್ಲಿಗೆ. ನಂಬರ್ ಬದಲಿಸಲು ಬ್ಯಾಂಕಿಗೇ ಹೋಗಬೇಕಿತ್ತು, ಅಲ್ಲಿ ಹೊಸದಾಗಿ ಕೆವೈಸಿ, ಅದಕ್ಕೆ ಆಧಾರ್, ಆಧಾರಿನಲ್ಲೂ ಅದೇ ಸತ್ತ ನಂಬರ್. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಅಲ್ಲಿ ನಂಬರ್ ಬದಲಿಸಬೇಕಿತ್ತು, ಆಮೇಲೆ ಬ್ಯಾಂಕು. ಈ ಕ್ರಮ ಅವನಿಗೆ ಗೊತ್ತಿತ್ತು. ಅಣ್ಣ ಅಣ್ಣ ಅಂತ ಕರೆದುಕೊಂಡು ಹೋದ. ನಾನು ಹುಟ್ಟಿ ಬೆಳೆದ ಊರಿನಲ್ಲಿ ಅವನ ಬೈಕಿನ ಹಿಂದೆ ಕೂತು ಹೋದೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೂ ಬರೆದುಬಿಡುತ್ತೇನೆ.

ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಅಪ್ಪ ಬಚ್ಚಲ ಹತ್ತಿರ ಜಾರಿ ಕೂತರು. ಪೆಟ್ಟಾಗಲಿಲ್ಲ, ಏಳಲು ಆಗಲಿಲ್ಲ ಅಷ್ಟೇ. ಕತ್ತಲಲ್ಲಿ ಅವರು ಕೂಗಿದ್ದು ಆ ಹುಡುಗನ ಹೆಸರನ್ನು. ನಾನು ಪಕ್ಕದ ಕೋಣೆಯಲ್ಲಿದ್ದೆ, ಎದ್ದು ಓಡಿದೆ, ಎತ್ತಿ ಕೂರಿಸಿದೆ. ನಾನು ಅಂತ ಗೊತ್ತಾದಾಗ ಅವರು "ಓ, ನೀನಿದ್ದೀಯಲ್ಲ" ಅಂದರು. ಮರೆತಿದ್ದು ನೆನಪಾದ ಹಾಗೆ.

ಅವತ್ತು ನಿದ್ದೆ ಬರಲಿಲ್ಲ. ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ ಕಣೋ. ಅವನಿಗೆ ನಾನು ಋಣಿ, ಅದೂ ನಿಜ. ಎರಡೂ ಒಟ್ಟಿಗೇ ಇವೆ. ನಾನಿಲ್ಲದ ಜಾಗವನ್ನು ಇವರು ಖಾಲಿ ಇಟ್ಟುಕೊಂಡು ಕಾಯುತ್ತಿರುತ್ತಾರೆ ಅಂತ ನಾನು ಅಲ್ಲಿ ಕೂತು ನಂಬಿದ್ದೆ. ಖಾಲಿ ಇಟ್ಟುಕೊಂಡು ಬದುಕಲು ಯಾರಿಗೂ ಆಗುವುದಿಲ್ಲ. ನಾನೂ ಅಲ್ಲಿ ಇವರಿಲ್ಲದ ಜಾಗವನ್ನು ನಿನ್ನಿಂದ, ನಿನ್ನ ಮನೆಯ ಶನಿವಾರದ ಊಟದಿಂದ ತುಂಬಿಕೊಂಡಿದ್ದೆ ಅಲ್ವಾ? ಆ ಶನಿವಾರಗಳ ಬಗ್ಗೆ ಇಲ್ಲಿ ಯಾರೂ ಕೇಳುವುದಿಲ್ಲ. ಚಳಿ ಜಾಸ್ತಿನಾ, ಸಂಬಳ ಎಷ್ಟಿತ್ತು, ಇಷ್ಟು ಕೇಳುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈಗ ಬೆಳಿಗ್ಗೆ ಅಪ್ಪನ ಮಾತ್ರೆ ಕೊಡುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ. ತಿಂಡಿಗೆ ಮೊದಲು ಒಂದು, ಆಮೇಲೆ ಎರಡು. ಹೊಸ ಕೆಲಸಗಾರನ ಹಾಗೆ ಆ ಹುಡುಗನನ್ನೇ ಕೇಳಿ ಕಲಿತೆ. ಬಚ್ಚಲಿನವರೆಗೆ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿದೆ. ಅಪ್ಪ ಅದನ್ನು ಹಿಡಿಯುವುದಿಲ್ಲ, ಅದರ ಪಕ್ಕದ ಗೋಡೆಯನ್ನೇ ಹಿಡಿಯುತ್ತಾರೆ. ಇರಲಿ, ಅಭ್ಯಾಸವಾಗುತ್ತದೆ.

ಸಾಕು, ಜಾಸ್ತಿ ಬರೆದೆ. ನೀನು ಬರುವುದಾದರೆ ಬಾ. ಆದರೆ ಈ ಭಾನುವಾರದ ಕಾಲ್‌ನಲ್ಲಿ ನಿಮ್ಮಮ್ಮನಿಗೆ ಫೋನ್ ಕೈಯಲ್ಲಿ ಹಿಡಿದು ಮನೆಯೆಲ್ಲ ಒಂದು ಸುತ್ತು ಬಾ ಅನ್ನು. ಅಡುಗೆಮನೆ, ಬಚ್ಚಲು, ಮಾತ್ರೆ ಇಡುವ ಜಾಗ ಎಲ್ಲ ತೋರಿಸಲಿ. ದಿನಾ ಮನೆಗೆ ಯಾರು ಬಂದು ಹೋಗುತ್ತಾರೆ, ಅವರ ಹೆಸರೇನು ಕೇಳಿಕೋ. ನಿನ್ನ ಇಲ್ಲಿನ ಸಿಮ್‌ಗೆ ಇವತ್ತೇ ರೀಚಾರ್ಜ್ ಮಾಡು. ಪ್ರೀಪೇಯ್ಡ್ ಸಿಮ್ ತಿಂಗಳುಗಟ್ಟಲೆ ಸುಮ್ನೆ ಬಿದ್ದಿದ್ದರೆ ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ.

ಶ್ರಾವಣದಲ್ಲಿ ಬಂದರೆ ಕಳಲೆ ಪಲ್ಯ, ಪತ್ರೊಡೆ ಎರಡೂ ಸಿಗುತ್ತವೆ. ಬರುವಾಗ ಚಾಕೊಲೇಟ್ ಬೇಡ, ಆ ಕಪ್ಪು ರೈ ಬ್ರೆಡ್ಡು ತಾ. ಅಮ್ಮನಿಗೆ ಅದು ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಬಹಳ ಇಷ್ಟವಾಗಿದೆ. ಎರಡು ಪ್ಯಾಕೆಟ್ ಜಾಸ್ತಿ ತಾ, ಎದುರು ಮನೆಗೂ ಕೊಡಬೇಕು.

ನಿನ್ನವ